ಹೊಸ ನಿಯಮಗಳ ಎದುರು ಜವಳಿ ರಫ್ತುದಾರ: ಪೆಸ್ಟೆಲ್ ಪಟ್ಟಿಯಲ್ಲಿ ಹೊರಗಿನ ಅಂಶಗಳನ್ನು ಬೇರ್ಪಡಿಸುವ ಕ್ರಮ

ಐರೋಪ್ಯ ಒಕ್ಕೂಟಕ್ಕೆ ಉಡುಪು ಕಳುಹಿಸುವ ಘಟಕವೊಂದು ಪೆಸ್ಟೆಲ್ ಪಟ್ಟಿ, ಅಂದರೆ ಉದ್ಯಮದ ಮೇಲೆ ಹೊರಗಿನಿಂದ ಬೀಳುವ ಒತ್ತಡಗಳನ್ನು ರಾಜಕೀಯ, ಆರ್ಥಿಕ, ಸಾಮಾಜಿಕ, ತಾಂತ್ರಿಕ, ಕಾನೂನು, ಪರಿಸರ ಎಂಬ ಆರು ಕಾಲಂಗಳಲ್ಲಿ ಬರೆಯುವ ಪಟ್ಟಿ, ಮಾಡಲು ಕುಳಿತಾಗ, ಒಂದೇ ನಿಯಮ ಆರೂ ಕಾಲಂಗಳಲ್ಲಿ ಆರು ವೇಷ ಹಾಕಿಕೊಂಡು ಕಾಣಿಸಿಕೊಳ್ಳುವುದು ಸಾಮಾನ್ಯ. ರಾಜಕೀಯ ಕಾಲಂನಲ್ಲಿ 'ಯುರೋಪಿನ ನಿಯಮ ಬಿಗಿಯಾಗುತ್ತಿದೆ' ಎಂದು ಬರೆಯುತ್ತಾರೆ. ಆರ್ಥಿಕ ಕಾಲಂನಲ್ಲಿ 'ಲ್ಯಾಬ್ ಟೆಸ್ಟ್ ಖರ್ಚು ಏರುತ್ತದೆ', ಸಾಮಾಜಿಕದಲ್ಲಿ 'ಗ್ರಾಹಕರಿಗೆ ಪರಿಸರದ ಕಾಳಜಿ ಹೆಚ್ಚಿದೆ', ತಾಂತ್ರಿಕದಲ್ಲಿ 'ಡಿಜಿಟಲ್ ಪಾಸ್‌ಪೋರ್ಟ್‌ಗೆ ಸಾಫ್ಟ್‌ವೇರ್ ಬೇಕು', ಕಾನೂನಿನಲ್ಲಿ ನಿಯಮದ ಹೆಸರು, ಪರಿಸರದಲ್ಲಿ 'ರಾಸಾಯನಿಕ ಕಡಿಮೆ ಮಾಡಬೇಕು' ಎಂದು ಸೇರಿಸುತ್ತಾರೆ. ಹಾಳೆ ತುಂಬಿರುತ್ತದೆ, ಸಂಗತಿ ಮಾತ್ರ ಒಂದೇ. ಅದನ್ನು ಓದುವ ಮಾಲೀಕರಿಗೆ ಆರು ಅಪಾಯಗಳು ಎದುರಿಗಿವೆ ಎನ್ನಿಸುತ್ತದೆ. ನಿಜವಾಗಿಯೂ ಬೇರೆಯಾದ ಅಪಾಯಗಳು, ಉದಾಹರಣೆಗೆ ಡೈಯಿಂಗ್ ಮಾಡುವ ಊರಿನ ನೀರಿನ ಸ್ಥಿತಿ ಅಥವಾ ಲೈನಿನಲ್ಲಿ ಕೂರುವವರ ಲಭ್ಯತೆ, ಆ ಗದ್ದಲದಲ್ಲಿ ಮರೆಯಾಗುತ್ತವೆ.

ಈ ಲೇಖನ ಪಟ್ಟಿಯನ್ನು ತುಂಬಿಸುವುದರ ಬಗ್ಗೆ ಅಲ್ಲ, ಬೇರ್ಪಡಿಸುವುದರ ಬಗ್ಗೆ. ಇಲ್ಲಿ ಅನುಸರಿಸುವ ಸೂತ್ರ ಒಂದೇ: ಒತ್ತಡ ಎಲ್ಲಿ ಹುಟ್ಟುತ್ತದೆಯೋ ಆ ಕಾಲಂನಲ್ಲಿ ಒಂದೇ ಒಂದು ಸಲ ಬರೆಯಬೇಕು, ಅದು ನಮ್ಮನ್ನು ತಲುಪುವ ದಾರಿಯನ್ನೂ ತಲುಪಿದ ಮೇಲೆ ಮಾಡುವ ಪರಿಣಾಮವನ್ನೂ ಅದೇ ಸಾಲಿನ ಮುಂದೆ ನಮೂದಿಸಬೇಕು. ಉದಾಹರಣೆಗಾಗಿ ಬೆಂಗಳೂರಿನ ಹೊರವಲಯದ ಒಂದು ಮಧ್ಯಮ ಗಾತ್ರದ ಗಾರ್ಮೆಂಟ್ಸ್ ಘಟಕವನ್ನು ಕಲ್ಪಿಸಿಕೊಳ್ಳೋಣ. ಅದು ಹತ್ತಿಯ ಮಕ್ಕಳ ಉಡುಪು ಹಾಗೂ ಶರ್ಟುಗಳನ್ನು ಹೊಲಿದು ಜರ್ಮನಿ ಮತ್ತು ಫ್ರಾನ್ಸಿನ ಬಯರ್‌ಗಳಿಗೆ ಕಳುಹಿಸುತ್ತದೆ. ಬಟ್ಟೆಗೆ ಬಣ್ಣ ಹಾಕುವ ಕೆಲಸವನ್ನು ತಮಿಳುನಾಡಿನ ಡೈಯಿಂಗ್ ಘಟಕಗಳಲ್ಲಿ ಜಾಬ್ ವರ್ಕ್ ಆಗಿ ಮಾಡಿಸುತ್ತದೆ.

ಹೆಜ್ಜೆ 1: ಮೊದಲು ಗಡಿ ಹಾಕಿಕೊಳ್ಳಿ

ಹಾಳೆಯ ತಲೆಯಲ್ಲಿ ಒಂದೇ ವಾಕ್ಯ ಬರೆಯಿರಿ: ಯಾವ ಉತ್ಪನ್ನ, ಯಾವ ಮಾರುಕಟ್ಟೆ, ಯಾವ ವರ್ಷದವರೆಗೆ. ನಮ್ಮ ಉದಾಹರಣೆಯಲ್ಲಿ ಅದು 'ಜರ್ಮನಿ ಮತ್ತು ಫ್ರಾನ್ಸಿಗೆ ಹೋಗುವ ಹತ್ತಿಯ ಉಡುಪು, 2028ರ ಕೊನೆಯವರೆಗೆ' ಎಂದಾಗುತ್ತದೆ. ಈ ವಾಕ್ಯವಿಲ್ಲದಿದ್ದರೆ ಸುದ್ದಿಯಲ್ಲಿ ಓದಿದ್ದೆಲ್ಲ ಪಟ್ಟಿಗೆ ಬಂದು ಕೂರುತ್ತದೆ. ಯುರೋಪಿನ ಗಡಿ ಇಂಗಾಲ ಶುಲ್ಕವನ್ನು ಜವಳಿ ಘಟಕಗಳ ಪಟ್ಟಿಯಲ್ಲಿ ಕಾಣುವುದು ಅಪರೂಪವೇನಲ್ಲ. ಆದರೆ ಆ ಶುಲ್ಕ ಆರಂಭವಾದದ್ದು ಉಕ್ಕು, ಸಿಮೆಂಟ್, ರಸಗೊಬ್ಬರ, ಅಲ್ಯೂಮಿನಿಯಂ, ಜಲಜನಕ ಮತ್ತು ವಿದ್ಯುತ್ತಿಗೆ, ಉಡುಪು ಅದರಲ್ಲಿಲ್ಲ. ಅಮೆರಿಕವು 2025ರ ಆಗಸ್ಟ್ 27ರಿಂದ ಭಾರತದ ಅನೇಕ ಸರಕುಗಳ ಮೇಲಿನ ಹೆಚ್ಚುವರಿ ಸುಂಕವನ್ನು ಒಟ್ಟು ಶೇ 50ಕ್ಕೆ ಏರಿಸಿದ್ದು ದೊಡ್ಡ ಸಂಗತಿಯೇ. ಆದರೂ ಈ ಹಾಳೆಯಲ್ಲಿ ಅದು ನೇರವಾಗಿ ಬರುವುದಿಲ್ಲ. ಅಮೆರಿಕದ ಆರ್ಡರ್ ಕಳೆದುಕೊಂಡ ಘಟಕಗಳು ಯುರೋಪಿನ ಬಯರ್‌ಗಳ ಹತ್ತಿರ ದರ ಇಳಿಸಿ ಬರಬಹುದು ಎಂಬ ಮಟ್ಟಿಗೆ ಮಾತ್ರ ಆರ್ಥಿಕ ಕಾಲಂನ ಒಂದು ಸಾಲಾಗುತ್ತದೆ. ಅಮೆರಿಕಕ್ಕೂ ಮಾಲು ಕಳುಹಿಸುವ ಘಟಕವಾದರೆ ಅದಕ್ಕೆ ಬೇರೆಯೇ ಹಾಳೆ ಮಾಡುವುದು ಒಳ್ಳೆಯದು.

ಹೆಜ್ಜೆ 2: ಪದಗಳನ್ನಲ್ಲ, ವಾಕ್ಯಗಳನ್ನು ಬರೆಯಿರಿ

ಮರ್ಚಂಡೈಸಿಂಗ್, ಕ್ವಾಲಿಟಿ, ಅಕೌಂಟ್ಸ್, ಹೆಚ್ಆರ್ ವಿಭಾಗಗಳ ತಲಾ ಒಬ್ಬರನ್ನು ಕೂರಿಸಿ, ಹೊರಗೆ ಏನಾಗುತ್ತಿದೆ ಎಂಬುದನ್ನು ಮೊದಲು ಯಾವ ಕಾಲಂ ಇಲ್ಲದೆಯೇ ಬರೆಸಿ. ಪ್ರತಿಯೊಂದು ಟಿಪ್ಪಣಿಯೂ ಯಾರು, ಏನು ಮಾಡಿದರು ಅಥವಾ ಏನು ಬದಲಾಯಿತು, ಯಾವಾಗಿನಿಂದ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿರುವ ಪೂರ್ಣ ವಾಕ್ಯವಾಗಿರಬೇಕು. 'ಸಸ್ಟೈನಬಿಲಿಟಿ', 'ಕಂಪ್ಲೈಯನ್ಸ್', 'ಟ್ರೇಸಬಿಲಿಟಿ' ಎಂದು ಒಂದೇ ಪದ ಬರೆದ ಚೀಟಿಯನ್ನು ಬರೆದವರಿಗೇ ಹಿಂದಿರುಗಿಸಿ. ಅಂಥ ಪದಗಳು ಯಾವ ಕಾಲಂಗೆ ಬೇಕಾದರೂ ಹೊಂದುತ್ತವೆ. ಬೇರ್ಪಡಿಸುವ ಕೆಲಸ ಹಾಳಾಗುವುದು ಅಲ್ಲಿಂದಲೇ.

ಹೆಜ್ಜೆ 3: ಹೊರಗಿನದಲ್ಲದ್ದನ್ನು ತೆಗೆದುಹಾಕಿ

ಈಗ ಪ್ರತಿಯೊಂದು ವಾಕ್ಯಕ್ಕೂ ಒಂದು ಪ್ರಶ್ನೆ ಹಾಕಿ: ನಾಳೆ ನಮ್ಮ ಫ್ಯಾಕ್ಟರಿಗೆ ಬೀಗ ಬಿದ್ದರೂ ಈ ಮಾತು ನಿಜವಾಗಿಯೇ ಉಳಿಯುತ್ತದೆಯೇ? ಉಳಿದರೆ ಅದು ಹೊರಗಿನ ಅಂಶ. 'ನಮ್ಮ ಹತ್ತಿರ ಲಾಟ್‌ವಾರು ಡೈಯಿಂಗ್ ದಾಖಲೆ ಇಲ್ಲ' ಎಂಬ ಮಾತು ಫ್ಯಾಕ್ಟರಿಯೊಂದಿಗೇ ಮುಗಿಯುತ್ತದೆ. ಅದು ಒಳಗಿನ ದೌರ್ಬಲ್ಯ. 'ಕೆಮಿಕಲ್ ಪಟ್ಟಿಯನ್ನು ಡಿಜಿಟಲ್ ಮಾಡಬೇಕು' ಎಂಬುದು ಅಂಶವೇ ಅಲ್ಲ, ನಾವು ಕೈಗೊಳ್ಳಬೇಕಾದ ಕ್ರಮ. 'ಮಾಡಬೇಕು', 'ಬೇಕಾಗುತ್ತದೆ', 'ಅಳವಡಿಸಿಕೊಳ್ಳಬೇಕು' ಎಂದು ಮುಗಿಯುವ ವಾಕ್ಯಗಳನ್ನು ಕಣ್ಣುಮುಚ್ಚಿ ಪಕ್ಕದ ಹಾಳೆಗೆ ಸಾಗಿಸಬಹುದು. ಸಭೆಯಲ್ಲಿ ಇದಕ್ಕೆ ವಿರೋಧ ಬರುತ್ತದೆ, ಏಕೆಂದರೆ ಜನರಿಗೆ ಸಮಸ್ಯೆಗಿಂತ ಪರಿಹಾರ ಹೇಳುವುದರಲ್ಲಿ ಉತ್ಸಾಹ ಹೆಚ್ಚು. ಪರಿಹಾರಗಳು ಕಳೆದುಹೋಗುವುದಿಲ್ಲ, ಬೇರೆ ಹಾಳೆಯಲ್ಲಿರುತ್ತವೆ ಎಂದು ಹೇಳಿದರೆ ಸಾಕು.

ಇನ್ನೊಂದು ರೀತಿಯ ವಾಕ್ಯವೂ ಇಲ್ಲಿ ಹೊರಗೆ ಹೋಗಬೇಕು, ಅದನ್ನು ಗುರುತಿಸುವುದು ಸ್ವಲ್ಪ ಕಷ್ಟ. ಬಯರ್‌ನ ಮ್ಯಾನುಯಲ್‌ನಲ್ಲಿರುವ ಷರತ್ತುಗಳು, ಅಂದರೆ ನಿಷೇಧಿತ ರಾಸಾಯನಿಕಗಳ ಅವರದೇ ಪಟ್ಟಿ, ಜಿಒಟಿಎಸ್ ಅಥವಾ ಓಕೊ-ಟೆಕ್ಸ್ ಪ್ರಮಾಣಪತ್ರ, ಅವರು ಹೇಳಿದ ಲ್ಯಾಬ್‌ನಲ್ಲೇ ಟೆಸ್ಟ್ ಮಾಡಿಸಬೇಕೆಂಬ ನಿಬಂಧನೆ ಇವೆಲ್ಲ ಹೊರಗಿನಿಂದ ಬರುತ್ತವೆ ನಿಜ. ಆದರೆ ಅವು ಕಾನೂನಲ್ಲ, ಒಪ್ಪಂದ. ಅವನ್ನು ಕಾನೂನು ಕಾಲಂಗೆ ಹಾಕುವುದು ಎಲ್ಲೆಡೆ ಕಾಣುವ ತಪ್ಪು. ಸರ್ಕಾರ ಹೊರಡಿಸಿದ ಮಿತಿಯ ಮೇಲೆ ಚೌಕಾಸಿ ಸಾಧ್ಯವಿಲ್ಲ. ಬಯರ್‌ನ ಷರತ್ತಿನ ಮೇಲೆ ಕೆಲವೊಮ್ಮೆ ಸಾಧ್ಯವಿದೆ, ಬಯರ್ ಬದಲಾದರೆ ಷರತ್ತೂ ಬದಲಾಗುತ್ತದೆ. ಪೆಸ್ಟೆಲ್ ಇಡೀ ಉದ್ಯಮದ ಮೇಲೆ ಬೀಸುವ ಗಾಳಿಯನ್ನು ನೋಡುವ ಸಾಧನ. ಒಬ್ಬ ಬಯರ್‌ನ ಬಲವನ್ನು ಅಳೆಯಲು ಬೇರೆ ಸಾಧನಗಳಿವೆ. ಆದ್ದರಿಂದ 'ಬಯರ್ ಹಾಳೆ' ಎಂದು ಪ್ರತ್ಯೇಕವಾಗಿ ಮಾಡಿಕೊಂಡು, ಅದರ ಪ್ರತಿ ಷರತ್ತಿನ ಎದುರು ಅದರ ಹಿಂದೆ ಕಾನೂನು ಇದೆಯೇ, ಇದ್ದರೆ ಯಾವುದು ಎಂದು ಬರೆಯಿರಿ. ಕಾನೂನಿನ ಮಿತಿಗಿಂತ ಬಯರ್‌ನ ಮಿತಿ ಕಠಿಣವಾಗಿರುವುದು ಇಲ್ಲಿ ಅನೇಕ ಕಡೆ ಕಾಣಿಸುತ್ತದೆ. ಆ ಅಂತರಕ್ಕೆ ದರದಲ್ಲಿ ಏನಾದರೂ ಕೇಳಬಹುದೇ ಎಂಬ ಪ್ರಶ್ನೆ ಹುಟ್ಟುವುದೂ ಇಲ್ಲಿಯೇ.

ಹೆಜ್ಜೆ 4: ಒಂದು ಟಿಪ್ಪಣಿಯನ್ನು ಒಡೆದು ನೋಡಿ

ಉಳಿದ ವಾಕ್ಯಗಳಲ್ಲಿ ಹಲವು ಇನ್ನೂ ಗಂಟಾಗಿಯೇ ಇರುತ್ತವೆ. ಒಂದನ್ನು ಪೂರ್ತಿಯಾಗಿ ಬಿಡಿಸೋಣ. ಕ್ವಾಲಿಟಿ ವಿಭಾಗದವರು ಹೀಗೆ ಬರೆದಿದ್ದಾರೆಂದು ಇಟ್ಟುಕೊಳ್ಳಿ: 'ಎನ್‌ಪಿಇ ನಿಯಮದಿಂದಾಗಿ ಪರಿಸರಸ್ನೇಹಿ ಕೆಮಿಕಲ್ ಬಳಸಬೇಕಾಗಿ, ಪ್ರೊಸೆಸಿಂಗ್ ದರ ಏರಿದೆ, ನಮ್ಮ ಡೈಯಿಂಗ್ ಘಟಕ ಸಹಕರಿಸುತ್ತಿಲ್ಲ.'

ಎನ್‌ಪಿಇ ಅಂದರೆ ನೊನೈಲ್‌ಫಿನಾಲ್ ಇಥಾಕ್ಸಿಲೇಟ್. ಬಟ್ಟೆಯ ಜಿಡ್ಡು ತೆಗೆಯುವಾಗ, ಬಣ್ಣ ಸಮನಾಗಿ ಹಿಡಿಯುವಂತೆ ಒದ್ದೆ ಮಾಡುವಾಗ, ಕೊನೆಯ ಸೋಪಿಂಗ್ ಮಾಡುವಾಗ ಬಳಸುವ ಡಿಟರ್ಜೆಂಟ್ ಜಾತಿಯ ದ್ರವಗಳಲ್ಲಿ ಅದು ಇರಬಹುದು. ನೀರಿಗೆ ಸೇರಿದ ಮೇಲೆ ಅದು ಒಡೆದು ನೊನೈಲ್‌ಫಿನಾಲ್ ಆಗುತ್ತದೆ, ಅದು ಜಲಚರಗಳಿಗೆ ವಿಷ ಮತ್ತು ಹಾರ್ಮೋನು ವ್ಯವಸ್ಥೆಯನ್ನು ಕೆಡಿಸುವ ವಸ್ತು. ಹೊರದೇಶದಲ್ಲಿ ತಯಾರಾದ ಬಟ್ಟೆಯನ್ನು ಯುರೋಪಿನ ಮನೆಗಳಲ್ಲಿ ಒಗೆದಾಗ ಅದು ಅಲ್ಲಿನ ನೀರಿಗೆ ಸೇರುತ್ತದೆ ಎಂಬ ಕಾರಣಕ್ಕೆ, ನೀರಿನಲ್ಲಿ ಒಗೆಯಬಹುದಾದ ಜವಳಿ ವಸ್ತುಗಳಲ್ಲಿ ಅದರ ಪ್ರಮಾಣ ತೂಕದ ಶೇ 0.01ರಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾರುಕಟ್ಟೆಗೆ ಇಳಿಸುವಂತಿಲ್ಲ ಎಂದು ಐರೋಪ್ಯ ಒಕ್ಕೂಟದ ರೀಚ್ ಎಂಬ ರಾಸಾಯನಿಕ ನಿಯಮದಲ್ಲಿ ಸೇರಿಸಲಾಯಿತು. 2021ರ ಫೆಬ್ರುವರಿ 3ರಿಂದ ಅದು ಅನ್ವಯವಾಗುತ್ತಿದೆ. ಶೇ 0.01 ಎಂದರೆ ಕಿಲೋಗ್ರಾಂ ಬಟ್ಟೆಗೆ 100 ಮಿಲಿಗ್ರಾಂ. 200 ಗ್ರಾಂ ತೂಗುವ ಒಂದು ಶರ್ಟಿನಲ್ಲಿ 20 ಮಿಲಿಗ್ರಾಂ.

ಈಗ ಆ ಗಂಟು ಬಿಚ್ಚಬಹುದು. 'ತೊಳೆಯಬಹುದಾದ ಉಡುಪಿನಲ್ಲಿ ಎನ್‌ಪಿಇ ಮಿತಿ ಶೇ 0.01, 2021ರಿಂದ ಜಾರಿಯಲ್ಲಿದೆ' ಎಂಬುದು ಕಾನೂನು ಕಾಲಂನ ಸಾಲು. ನಿಯಮದ ಹಿಂದಿನ ಪ್ರೇರಣೆ ಪರಿಸರದ್ದೇ ಆದರೂ ಅದನ್ನು ಪರಿಸರ ಕಾಲಂನಲ್ಲಿ ಮತ್ತೆ ಬರೆಯಬಾರದು. ಯುರೋಪಿನ ನದಿಯ ಸ್ಥಿತಿ ನಮ್ಮ ಘಟಕವನ್ನು ಮುಟ್ಟುವುದು ಆ ಕಾನೂನಿನ ಮೂಲಕ ಮಾತ್ರ, ಬೇರೆ ದಾರಿಯಿಂದಲ್ಲ. 'ಎನ್‌ಪಿಇ ಇಲ್ಲದ, ಆಲ್ಕೊಹಾಲ್ ಇಥಾಕ್ಸಿಲೇಟ್ ಆಧಾರಿತ ವೆಟ್ಟಿಂಗ್ ಏಜೆಂಟ್‌ಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ' ಎಂಬುದು ನಿಯಮ ಇರಲಿ ಇಲ್ಲದಿರಲಿ ನಿಜವಾಗಿರುವ ಮಾತು. ಅದು ತಾಂತ್ರಿಕ ಕಾಲಂಗೆ ಹೋಗುತ್ತದೆ. 'ಪ್ರೊಸೆಸಿಂಗ್ ದರ ಏರಿದೆ' ಎಂಬುದಕ್ಕೆ ಪ್ರತ್ಯೇಕ ಸಾಲಿಲ್ಲ. ಕಾನೂನು ಸಾಲಿನ 'ಪರಿಣಾಮ' ಎಂಬ ಮನೆಯಲ್ಲಿ, ಪ್ರತಿ ಕಿಲೋಗೆ ಎಷ್ಟು ರೂಪಾಯಿ ಎಂಬ ನಿಮ್ಮದೇ ಬಿಲ್ಲಿನ ಅಂಕಿಯೊಂದಿಗೆ ಅದು ಕೂರುತ್ತದೆ. 'ಡೈಯಿಂಗ್ ಘಟಕ ಸಹಕರಿಸುತ್ತಿಲ್ಲ' ಎಂಬುದು ನಮ್ಮ ಪೂರೈಕೆದಾರರೊಂದಿಗಿನ ಸಂಬಂಧದ ಮಾತಾದ್ದರಿಂದ ಒಳಗಿನ ಹಾಳೆಗೆ ಹೋಗುತ್ತದೆ. 'ಪರಿಸರಸ್ನೇಹಿ ಕೆಮಿಕಲ್ ಬಳಸಬೇಕಾಗಿ' ಎಂಬುದು ಕ್ರಮದ ಹಾಳೆಗೆ. ಹೀಗೆ ಐದು ತುಂಡುಗಳಲ್ಲಿ ಪೆಸ್ಟೆಲ್ ಹಾಳೆಯಲ್ಲಿ ಉಳಿಯುವ ಸಾಲುಗಳು ಎರಡೇ.

ಹೀಗೆ ಒಡೆದಾಗ ಒಂದು ಉಪಯೋಗ ಕೂಡಲೇ ಕಾಣುತ್ತದೆ. ಬದಲಿ ದ್ರವ ಮಾರುಕಟ್ಟೆಯಲ್ಲಿದೆ, ಮಿತಿ ಹಳೆಯದು, ತೊಡಕಿರುವುದು ಪೂರೈಕೆದಾರನ ಕೋಣೆಯಲ್ಲಿ. ಅಂದರೆ ಇದು 'ಹೊಸ ನಿಯಮದ ಅಪಾಯ' ಅಲ್ಲವೇ ಅಲ್ಲ. ಡೈಯಿಂಗ್ ಘಟಕದ ಕೆಮಿಕಲ್ ಸ್ಟೋರಿಗೆ ಹೋಗಿ ಡ್ರಮ್ಮುಗಳ ಮೇಲಿನ ಲೇಬಲ್‌ಗಳನ್ನು ಅವರು ಕೊಟ್ಟ ಪಟ್ಟಿಯೊಂದಿಗೆ ತಾಳೆ ನೋಡಿ, ಐಎಸ್‌ಒ 18254-1 ವಿಧಾನದಲ್ಲಿ ಬಟ್ಟೆಯನ್ನು ಟೆಸ್ಟ್ ಮಾಡಿಸಿದರೆ ಸ್ಥಿತಿ ತಿಳಿಯುತ್ತದೆ. ಪಟ್ಟಿಯಲ್ಲಿ ಇಲ್ಲದ ಡ್ರಮ್ಮು ಸ್ಟೋರಿನಲ್ಲಿ ಕಂಡರೆ, ಯಾವ ಕಾಲಂನ ಚರ್ಚೆಗಿಂತಲೂ ಆ ಡ್ರಮ್ಮು ಮುಖ್ಯ.

ಹೆಜ್ಜೆ 5: ರಾಜಕೀಯವನ್ನೂ ಕಾನೂನನ್ನೂ ಬೇರೆ ಮಾಡಿ

ಹೊಸ ನಿಯಮಗಳ ಕಾಲದಲ್ಲಿ ಅತಿ ಹೆಚ್ಚು ಗೊಂದಲವಾಗುವುದು ಈ ಎರಡು ಕಾಲಂಗಳ ನಡುವೆ. ನಾನು ಬಳಸುವ ಗೆರೆ ಇದು: ಅಧಿಕೃತವಾಗಿ ಪ್ರಕಟವಾಗಿ, ನಾವು ಪಾಲಿಸಬೇಕಾದ ಮಿತಿ ಅಥವಾ ಕರ್ತವ್ಯವನ್ನು ಓದಿ ತಿಳಿಯಬಹುದಾದ ಪಠ್ಯವಿದ್ದರೆ ಅದು ಕಾನೂನು. ಪಠ್ಯ ಇನ್ನೂ ಬರಬೇಕಿದ್ದರೆ, ಅಥವಾ ಬಂದ ಪಠ್ಯವನ್ನೇ ತಿದ್ದುವ, ಮುಂದೂಡುವ ಪ್ರಯತ್ನ ನಡೆಯುತ್ತಿದ್ದರೆ, ಆ ಅನಿಶ್ಚಿತ ಭಾಗ ರಾಜಕೀಯ. ಒಂದೇ ಶಾಸನದ ಎರಡು ಭಾಗಗಳು ಎರಡು ಕಾಲಂಗಳಲ್ಲಿ ಬರಬಹುದು. ಅದು ಎರಡೆರಡು ಸಲ ಎಣಿಸಿದಂತಲ್ಲ, ಏಕೆಂದರೆ ಅವು ಎರಡು ಬೇರೆ ಹೇಳಿಕೆಗಳು.

ಸುಸ್ಥಿರ ಉತ್ಪನ್ನಗಳ ಇಕೋಡಿಸೈನ್ ನಿಯಮವನ್ನೇ ನೋಡಿ. 2024/1781 ಎಂಬ ಸಂಖ್ಯೆಯ ಈ ನಿಯಮ 2024ರ ಜುಲೈ 18ರಂದು ಜಾರಿಗೆ ಬಂತು. ಮಾರಾಟವಾಗದೆ ಉಳಿದ ಉಡುಪು ಮತ್ತು ಪಾದರಕ್ಷೆಗಳನ್ನು ದೊಡ್ಡ ಕಂಪನಿಗಳು ನಾಶಪಡಿಸುವಂತಿಲ್ಲ ಎಂಬ ವಿಧಿ ಅದರಲ್ಲೇ ಇದೆ, ಅನ್ವಯದ ದಿನ 2026ರ ಜುಲೈ 19. ಮಧ್ಯಮ ಗಾತ್ರದ ಕಂಪನಿಗಳಿಗೆ 2030. ದಿನಾಂಕವೂ ಪಠ್ಯವೂ ಇರುವುದರಿಂದ ಇದು ಕಾನೂನು ಕಾಲಂನ ಸಾಲು. ಆದರೆ ಎಲ್ಲರೂ ಮಾತಾಡುವ ಡಿಜಿಟಲ್ ಉತ್ಪನ್ನ ಪಾಸ್‌ಪೋರ್ಟ್‌ನ, ಅಂದರೆ ಉತ್ಪನ್ನದ ವಿವರಗಳಿರುವ ಡಿಜಿಟಲ್ ದಾಖಲೆಯ, ಸ್ಥಿತಿ ಬೇರೆ. ಮೂಲ ನಿಯಮ ಅದಕ್ಕೆ ಚೌಕಟ್ಟು ಮಾತ್ರ ಹಾಕಿದೆ. ಉಡುಪಿನ ಪಾಸ್‌ಪೋರ್ಟ್‌ನಲ್ಲಿ ಯಾವ ಯಾವ ಮಾಹಿತಿ ಇರಬೇಕು, ಎಷ್ಟು ಸಲ ಒಗೆದರೆ ಬಟ್ಟೆ ಹೇಗಿರಬೇಕು, ಮರುಬಳಕೆಯ ನೂಲು ಎಷ್ಟಿರಬೇಕು ಎಂಬುದನ್ನು ಹೇಳಬೇಕಾದದ್ದು ಉಡುಪಿಗಾಗಿಯೇ ಐರೋಪ್ಯ ಆಯೋಗ ಹೊರಡಿಸುವ ಪೂರಕ ಶಾಸನ. 2025ರ ಏಪ್ರಿಲ್‌ನ ಕಾರ್ಯಯೋಜನೆಯಲ್ಲಿ ಅದಕ್ಕೆ ಸೂಚಿಸಿರುವ ವರ್ಷ 2027. ಅದು ಬಂದ ಮೇಲೂ ಸಾಮಾನ್ಯವಾಗಿ ಕನಿಷ್ಠ 18 ತಿಂಗಳ ಕಾಲಾವಕಾಶವಿರುತ್ತದೆ. ಹೀಗಾಗಿ ನಮ್ಮ ಹಾಳೆಯ ರಾಜಕೀಯ ಕಾಲಂನಲ್ಲಿ 'ಉಡುಪಿನ ಇಕೋಡಿಸೈನ್ ಪೂರಕ ಶಾಸನದ ಕರಡು ಮತ್ತು ವ್ಯಾಪ್ತಿ ಇನ್ನೂ ನಿರ್ಧಾರವಾಗಬೇಕು. ಸೂಚಿತ ವರ್ಷ 2027' ಎಂದು ಬರೆಯುತ್ತೇವೆ. ಈಗಲೇ ಪಾಸ್‌ಪೋರ್ಟ್ ಸಾಫ್ಟ್‌ವೇರ್ ಮಾರಲು ಬರುವವರ ಮುಂದೆ ಈ ಒಂದು ಸಾಲು ಇಟ್ಟುಕೊಂಡು ಕೂರುವುದು ಹಿತಕರ.

ಮುಂದೂಡಿಕೆಗೆ ಉದಾಹರಣೆ ಬೇಕಿದ್ದರೆ, ದೊಡ್ಡ ಕಂಪನಿಗಳು ತಮ್ಮ ಪೂರೈಕೆ ಸರಪಳಿಯಲ್ಲಿನ ಮಾನವ ಹಕ್ಕು ಮತ್ತು ಪರಿಸರದ ಹಾನಿಯನ್ನು ಪರಿಶೀಲಿಸಬೇಕೆಂಬ 2024/1760ನೆಯ ನಿರ್ದೇಶನವಿದೆ. 2024ರಲ್ಲಿ ಅದು ಜಾರಿಗೆ ಬಂತು. 2025ರ ಏಪ್ರಿಲ್‌ನಲ್ಲಿಯೇ ಅದರ ಮೊದಲ ಹಂತದ ಅನ್ವಯವನ್ನು ಒಂದು ವರ್ಷ ಮುಂದಕ್ಕೆ ಹಾಕಲಾಯಿತು, ವ್ಯಾಪ್ತಿಯನ್ನು ಕಿರಿದುಗೊಳಿಸುವ ಮಾತುಕತೆಯೂ ಜೊತೆಗೇ ನಡೆಯಿತು. ಕಾನೂನು ಕಾಲಂನಲ್ಲಿ 2024 ಎಂದು ಬರೆದು ಹಾಳೆ ಮಡಚಿಟ್ಟವರಿಗೆ ಇದು ಕಾಣುವುದೇ ಇಲ್ಲ. ಇದಕ್ಕೆ ಎದುರಾಗಿ, ಬಲವಂತದ ದುಡಿಮೆಯಿಂದ ತಯಾರಾದ ಸರಕುಗಳನ್ನು ಮಾರುಕಟ್ಟೆಯಿಂದ ದೂರವಿಡುವ 2024/3015ನೆಯ ನಿಯಮ 2027ರ ಡಿಸೆಂಬರ್ 14ರಿಂದ ಅನ್ವಯವಾಗುತ್ತದೆ ಎಂದು ಪಠ್ಯದಲ್ಲೇ ಇದೆ. ಅದು ಕಾನೂನು ಕಾಲಂನಲ್ಲಿ ದೃಢವಾಗಿ ಕೂರುತ್ತದೆ.

ನಿಯಮ ಮತ್ತು ನಿರ್ದೇಶನ ಎಂಬ ವ್ಯತ್ಯಾಸವನ್ನೂ ಇಲ್ಲಿಯೇ ಗಮನಿಸಬೇಕು. ಐರೋಪ್ಯ ನಿಯಮ ಎಲ್ಲ ಸದಸ್ಯ ದೇಶಗಳಲ್ಲಿ ನೇರವಾಗಿ ಅನ್ವಯವಾಗುತ್ತದೆ, ನಿರ್ದೇಶನವನ್ನು ಪ್ರತಿ ದೇಶವೂ ತನ್ನ ಕಾನೂನಾಗಿ ಮಾಡಿಕೊಳ್ಳಬೇಕು. ಬಳಸಿ ಬಿಸಾಡಿದ ಜವಳಿಯ ಸಂಗ್ರಹಣೆ ಮತ್ತು ಮರುಬಳಕೆಯ ಖರ್ಚನ್ನು ಉತ್ಪಾದಕರೇ ಹೊರಬೇಕೆಂಬ ತ್ಯಾಜ್ಯ ನಿರ್ದೇಶನದ ತಿದ್ದುಪಡಿ 2025ರ ಅಕ್ಟೋಬರ್ 16ರಂದು ಜಾರಿಗೆ ಬಂದು, ಸದಸ್ಯ ದೇಶಗಳಿಗೆ ಈ ವ್ಯವಸ್ಥೆಯನ್ನು ಸ್ಥಾಪಿಸಲು 30 ತಿಂಗಳು ಕೊಟ್ಟಿದೆ. ಫ್ರಾನ್ಸಿನಲ್ಲಿ ಇಂಥ ವ್ಯವಸ್ಥೆ ಮೊದಲಿನಿಂದಲೇ ಇದೆ. ಆದ್ದರಿಂದ ನಮ್ಮ ಘಟಕದ ಹಾಳೆಯಲ್ಲಿ ಫ್ರಾನ್ಸಿಗೂ ಜರ್ಮನಿಗೂ ಇದು ಎರಡು ಬೇರೆ ಸಾಲುಗಳಾಗುತ್ತದೆ, ದಿನಾಂಕಗಳೂ ಬೇರೆ.

ಹೆಜ್ಜೆ 6: ಹೊರೆ ಯಾರ ಮೇಲೆ ಎಂದು ಬರೆಯಿರಿ

ಮೇಲೆ ಹೇಳಿದ ಹೆಚ್ಚಿನ ಶಾಸನಗಳು ಬೆಂಗಳೂರಿನ ಘಟಕವನ್ನು ಉದ್ದೇಶಿಸಿ ಮಾತಾಡುವುದಿಲ್ಲ. ಅವು ಮಾತಾಡುವುದು ಸರಕನ್ನು ಯುರೋಪಿನ ಮಾರುಕಟ್ಟೆಗೆ ಇಳಿಸುವ ಆಮದುದಾರನಿಗೆ ಅಥವಾ ಬ್ರ್ಯಾಂಡಿಗೆ. ರಫ್ತುದಾರನಿಗೆ ಅದು ತಲುಪುವುದು ಒಪ್ಪಂದದ ಷರತ್ತಾಗಿ, ಕೇಳುವ ದಾಖಲೆಯಾಗಿ, ಅಥವಾ ಎಫ್‌ಒಬಿ ದರದ, ಅಂದರೆ ಮಾಲನ್ನು ಹಡಗಿಗೆ ಏರಿಸುವವರೆಗಿನ ದರದ, ಮೇಲಿನ ಒತ್ತಡವಾಗಿ. ತ್ಯಾಜ್ಯದ ಶುಲ್ಕವನ್ನು ಕಟ್ಟುವವನು ಬ್ರ್ಯಾಂಡಿನವನೇ. ಆದರೆ ಮುಂದಿನ ಸೀಸನ್ನಿನ ದರ ಮಾತಾಡುವಾಗ ಅವನು ಆ ಶುಲ್ಕವನ್ನು ಮರೆತಿರುತ್ತಾನೆಂದು ನಂಬುವುದು ಕಷ್ಟ. ಆದ್ದರಿಂದ ಕಾನೂನು ಕಾಲಂನ ಪ್ರತಿ ಸಾಲಿಗೂ 'ಹೊರೆ ಯಾರದು' ಮತ್ತು 'ನಮಗೆ ಬರುವ ದಾರಿ' ಎಂಬ ಎರಡು ಮನೆಗಳನ್ನು ಸೇರಿಸಿ.

ಈ ಎರಡು ಮನೆಗಳಿಂದ ಆದ್ಯತೆ ತಾನಾಗಿಯೇ ಕಾಣುತ್ತದೆ. ಅಜೋ ಬಣ್ಣಗಳ ವಿಷಯದಲ್ಲಿ, ಅಂದರೆ ನಿಷೇಧಿತ ಅರೋಮ್ಯಾಟಿಕ್ ಅಮೈನ್‌ಗಳನ್ನು ಬಿಡುಗಡೆ ಮಾಡುವ ಬಣ್ಣಗಳ ವಿಷಯದಲ್ಲಿ, ರೀಚ್ ನಿಯಮದ ಮಿತಿ ಕಿಲೋಗ್ರಾಂಗೆ 30 ಮಿಲಿಗ್ರಾಂ. ಅದನ್ನು ಮೀರಿದ ಲಾಟ್‌ನ ಮಾಲನ್ನು ಆಮದುದಾರ ವಾಪಸು ತೆಗೆದುಕೊಳ್ಳಬೇಕಾಗುತ್ತದೆ, ಒಪ್ಪಂದದ ಪ್ರಕಾರ ನಷ್ಟ ನಮ್ಮ ತಲೆಗೆ ಬರುತ್ತದೆ. ದಾರಿ ನೇರ, ಹೊಡೆತ ಪೂರ್ಣ. ಮಾರಾಟವಾಗದ ಉಡುಪನ್ನು ನಾಶಪಡಿಸಬಾರದೆಂಬ ವಿಧಿಯ ದಾರಿ ಸುತ್ತುಬಳಸು: ಬಯರ್ ಎಚ್ಚರಿಕೆಯಿಂದ ಸಣ್ಣ ಸಣ್ಣ ಆರ್ಡರ್ ಕೊಡಬಹುದು, ಹಾಗೆ ಕೊಟ್ಟರೆ ನಮ್ಮ ಲೈನಿನಲ್ಲಿ ಸ್ಟೈಲ್ ಬದಲಾವಣೆ ಹೆಚ್ಚುತ್ತದೆ. ಎರಡೂ ಕಾನೂನು ಕಾಲಂನವೇ. ಆದರೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ.

ಹೆಜ್ಜೆ 7: ಪರಿಸರ ಕಾಲಂನಲ್ಲಿ ಪರಿಸರವನ್ನೇ ಬರೆಯಿರಿ

ಪರಿಸರದ ಕಾನೂನುಗಳನ್ನೆಲ್ಲ ಕಾನೂನು ಕಾಲಂಗೆ ಸಾಗಿಸಿದ ಮೇಲೆ ಪರಿಸರ ಕಾಲಂ ಬರಿದಾಗುತ್ತದೆ ಎಂಬ ಆತಂಕ ಬೇಡ. ನೀರು, ಉಪ್ಪು, ಮಳೆ, ಹತ್ತಿಯ ಬೆಳೆ, ಬೇಸಿಗೆಯ ಶಾಖ ಇವೆಲ್ಲ ಅಲ್ಲಿ ಇರಬೇಕು. ತಿರುಪ್ಪೂರಿನ ಕಥೆ ಇದಕ್ಕೆ ತಕ್ಕ ದೃಷ್ಟಾಂತ. ಹತ್ತಿಗೆ ರಿಯಾಕ್ಟಿವ್ ಬಣ್ಣ ಹಾಕುವಾಗ ಬಣ್ಣ ನೂಲಿಗೆ ಹಿಡಿಯಲೆಂದು ಅಪಾರ ಪ್ರಮಾಣದ ಉಪ್ಪು ಬಳಸುತ್ತಾರೆ. ಆ ಉಪ್ಪು ನೀರಿನಲ್ಲೇ ಉಳಿಯುತ್ತದೆ, ಸಾಮಾನ್ಯ ಶುದ್ಧೀಕರಣದಲ್ಲಿ ಹೋಗುವುದಿಲ್ಲ. ಕಾವೇರಿಯ ಉಪನದಿಯಾದ ನೊಯ್ಯಲ್‌ಗೆ ವರ್ಷಗಟ್ಟಲೆ ಅದು ಸೇರಿ, ಒರತ್ತುಪಾಳ್ಯಂ ಅಣೆಕಟ್ಟಿನ ನೀರು ಹೊಲಕ್ಕೆ ಬಳಸಲಾಗದಂತಾಯಿತು. ರೈತರು ಮದ್ರಾಸ್ ಹೈಕೋರ್ಟಿಗೆ ಹೋದರು. ಹೊರಗೆ ಹನಿ ತ್ಯಾಜ್ಯ ನೀರೂ ಬಿಡಬಾರದೆಂಬ ಆದೇಶ 2006ರಲ್ಲಿ ಬಂತು, ಪಾಲನೆಯಾಗದ್ದರಿಂದ 2011ರ ಜನವರಿಯಲ್ಲಿ ಡೈಯಿಂಗ್ ಘಟಕಗಳನ್ನು ಮುಚ್ಚಿಸಲಾಯಿತು.

ಆ ಕಾಲಕ್ಕೆ ಒಬ್ಬ ರಫ್ತುದಾರ ಪೆಸ್ಟೆಲ್ ಹಾಳೆ ಬರೆದಿದ್ದರೆ ಅದು ಹೇಗಿರಬೇಕಿತ್ತು? ನೊಯ್ಯಲ್ ಕಣಿವೆಯ ಮಣ್ಣು ಮತ್ತು ಅಂತರ್ಜಲದಲ್ಲಿ ಉಪ್ಪು ಏರುತ್ತಿರುವುದು ಪರಿಸರ ಕಾಲಂನಲ್ಲಿ, ರೈತರು ಸಂಘಟಿತರಾಗಿ ನ್ಯಾಯಾಲಯಕ್ಕೆ ಹೋಗಿರುವುದು ಸಾಮಾಜಿಕದಲ್ಲಿ, 2006ರ ಆದೇಶ ಕಾನೂನಿನಲ್ಲಿ, ರಿವರ್ಸ್ ಆಸ್ಮಾಸಿಸ್ ಮತ್ತು ಆವಿಯಾಗಿಸುವ ಯಂತ್ರಗಳಿಂದ ಉಪ್ಪು ಬೇರ್ಪಡಿಸುವ ತಂತ್ರ ಲಭ್ಯವಿದೆ, ಆದರೆ ಅದಕ್ಕೆ ವಿಪರೀತ ವಿದ್ಯುತ್ತು ಮತ್ತು ಉರುವಲು ಬೇಕು ಎಂಬುದು ತಾಂತ್ರಿಕದಲ್ಲಿ. ನಾಲ್ಕೂ ಬೇರೆ ಬೇರೆ ಸತ್ಯಗಳು. ಒಂದು ಇನ್ನೊಂದರ ಪ್ರತಿಧ್ವನಿಯಲ್ಲ. ಅವು ಬಂದ ಕ್ರಮವನ್ನೂ ನೋಡಿ: ಮಣ್ಣು ಮೊದಲು ಕೆಟ್ಟಿತು, ಆದೇಶ ಬಹಳ ತಡವಾಗಿ ಬಂತು. ಪರಿಸರ ಕಾಲಂನಲ್ಲಿ ಪರಿಸರವನ್ನೇ ಬರೆದವನಿಗೆ ವರ್ಷಗಳ ಮುಂಚೆಯೇ ಸುಳಿವು ಸಿಗುತ್ತಿತ್ತು. ಅಲ್ಲಿ ಕಾನೂನಿನ ಹೆಸರು ಬರೆದವನಿಗೆ ಆದೇಶ ಬಂದ ದಿನವೇ ತಿಳಿಯುತ್ತಿತ್ತು. ನಮ್ಮ ಉದಾಹರಣೆಯ ಘಟಕದವರು ಇಂದು ಕೇಳಬೇಕಾದದ್ದೂ ಅದನ್ನೇ: ನಮ್ಮ ಬಟ್ಟೆಗೆ ಬಣ್ಣ ಹಾಕುವ ಊರಿನ ನೀರು ಹೇಗಿದೆ, ಬಾವಿಗಳ ಉಪ್ಪಿನ ಅಂಶ ಏರುತ್ತಿದೆಯೇ?

ಹೆಜ್ಜೆ 8: ಉಳಿದ ಕಾಲಂಗಳು

ಆರ್ಥಿಕ ಕಾಲಂ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹತ್ತಿ ಮತ್ತು ನೂಲಿನ ಬೆಲೆ, ಯೂರೋ ವಿನಿಮಯ ದರ, ಸಾಲದ ಬಡ್ಡಿ, ಹಡಗಿನ ಬಾಡಿಗೆ, ಯುರೋಪಿನ ಬೇಡಿಕೆ ಇವು ಯಾರ ಆದೇಶವೂ ಇಲ್ಲದೆ ಏರಿಳಿಯುವಂಥವು. ಅಲ್ಲಿ ಇರಬೇಕಾದವು ಅವೇ. ನಿಯಮ ಪಾಲನೆಯ ಖರ್ಚು ಅಲ್ಲಿ ಬರಬಾರದು, ಅದು ಆಯಾ ನಿಯಮದ ಸಾಲಿನಲ್ಲೇ ಇದೆ. ಕರ್ನಾಟಕದಲ್ಲಿ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಪರಿಷ್ಕರಣೆಯಾಗುವ ತುಟ್ಟಿಭತ್ಯೆ ಮಾತ್ರ ಗಡಿಯ ಮೇಲಿನದು: ಅದನ್ನು ಕೊಡಬೇಕೆಂಬುದು ಕಾನೂನು, ಎಷ್ಟು ಎಂಬುದು ಬೆಲೆ ಸೂಚ್ಯಂಕದಿಂದ ಬರುತ್ತದೆ. ಕಾನೂನು ಬದಲಾಗಿಲ್ಲ, ಬದಲಾಗುವುದು ಬೆಲೆಗಳು ಎಂಬ ಕಾರಣಕ್ಕೆ ನಾನಾದರೆ ಅದನ್ನು ಆರ್ಥಿಕಕ್ಕೇ ಹಾಕುತ್ತೇನೆ.

ಸಾಮಾಜಿಕ ಕಾಲಂನಲ್ಲಿ 'ಯುರೋಪಿನ ಗ್ರಾಹಕರ ಪರಿಸರ ಪ್ರಜ್ಞೆ' ಎಂಬ ಸಾಲಿಗಿಂತ ನಮ್ಮ ಲೈನಿನಲ್ಲಿ ಕೂರುವವರ ಬದುಕಿನ ಸಾಲು ಮೊದಲು ಬರಬೇಕು. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯ ನಿಧಿಯ ಹಣ ಹಿಂಪಡೆಯುವುದಕ್ಕೆ ನಿರ್ಬಂಧ ಹೇರುವ ಅಧಿಸೂಚನೆ ಹೊರಡಿಸಿತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು, ಹೆಚ್ಚಿನವರು ಮಹಿಳೆಯರು, ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಸರ್ಕಾರ 19ರಂದೇ ಅದನ್ನು ಹಿಂತೆಗೆದುಕೊಂಡಿತು. ಅಧಿಸೂಚನೆ ಕಾನೂನು, ಹಿಂತೆಗೆತ ರಾಜಕೀಯ. ಆದರೆ ಮಗಳ ಮದುವೆಗೋ ಮನೆಯ ಸಾಲಕ್ಕೋ ಪಿಎಫ್ ಹಣವೇ ಆಧಾರವಾಗಿರುವ ಕುಟುಂಬಗಳಿಂದ ಈ ಉದ್ಯಮದ ಕಾರ್ಮಿಕ ವರ್ಗ ಕೂಡಿದೆ ಎಂಬುದು ಸಾಮಾಜಿಕ ಅಂಶ. ಅಧಿಸೂಚನೆ ಬರುವ ಮೊದಲೂ ಇತ್ತು, ಹೋದ ಮೇಲೂ ಇದೆ. ಬೇರೆ ರಾಜ್ಯಗಳಿಂದ ಬಂದು ಹಾಸ್ಟೆಲ್‌ಗಳಲ್ಲಿ ಉಳಿದು ದುಡಿಯುವ ಯುವತಿಯರ ಸಂಖ್ಯೆ ಹೆಚ್ಚುತ್ತಿದ್ದರೆ ಅದೂ ಇಲ್ಲಿಯದೇ. ಬಲವಂತದ ದುಡಿಮೆಯ ನಿಯಮ 2027ರಲ್ಲಿ ಅನ್ವಯವಾಗುವಾಗ ಹಾಸ್ಟೆಲ್ ಬಾಗಿಲಿನ ಸಮಯ, ಗುರುತಿನ ಚೀಟಿ ಯಾರ ಬಳಿ ಇರುತ್ತದೆ ಎಂಬ ಪ್ರಶ್ನೆಗಳನ್ನು ಆಡಿಟರ್ ಎತ್ತಿದರೆ, ಈ ಸಾಮಾಜಿಕ ಸಾಲಿಗೂ ಆ ಕಾನೂನು ಸಾಲಿಗೂ ನಡುವೆ ಬಾಣದ ಗುರುತು ಹಾಕಿಟ್ಟವರು ಸಿದ್ಧರಾಗಿರುತ್ತಾರೆ. ಎರಡು ಸಾಲುಗಳ ಸಂಬಂಧವನ್ನು ತೋರಿಸಲು ಬಾಣ ಸಾಕು. ಎರಡನ್ನೂ ಎರಡೂ ಕಡೆ ಬರೆಯಬೇಕಾಗಿಲ್ಲ.

ಹೆಜ್ಜೆ 9: ಹಾಳೆಯನ್ನು ಪರೀಕ್ಷಿಸಿ

ಬೇರ್ಪಡಿಸುವಿಕೆ ಸರಿಯಾಗಿದೆಯೇ ಎಂದು ತಿಳಿಯಲು ಯಾವುದಾದರೂ ಒಂದು ಕಾನೂನು ಸಾಲನ್ನು ಬೆರಳಿನಿಂದ ಮುಚ್ಚಿ, ಆ ನಿಯಮ ನಾಳೆ ರದ್ದಾಯಿತೆಂದು ಭಾವಿಸಿ, ಉಳಿದ ಕಾಲಂಗಳನ್ನು ಓದಿ. ಅದರೊಂದಿಗೆ ಬೇರೆ ಸಾಲುಗಳೂ ಅರ್ಥ ಕಳೆದುಕೊಂಡರೆ ಅವು ಸ್ವತಂತ್ರ ಅಂಶಗಳಲ್ಲ, ಪರಿಣಾಮಗಳು. ಅವನ್ನು ಮೂಲ ಸಾಲಿಗೆ ಸೇರಿಸಿ. ಎನ್‌ಪಿಇ ಮಿತಿಯನ್ನು ಮುಚ್ಚಿದರೆ 'ಬದಲಿ ದ್ರವ ಲಭ್ಯ' ಎಂಬ ತಾಂತ್ರಿಕ ಸಾಲು ನಿಲ್ಲುತ್ತದೆ, 'ಟೆಸ್ಟ್ ಖರ್ಚು ಏರಿಕೆ' ಬೀಳುತ್ತದೆ. ದಿನಾಂಕವಿಲ್ಲದ ಕಾನೂನು ಸಾಲು ಮತ್ತು ಯಾರ ನಿರ್ಧಾರ ಕಾಯುತ್ತಿದ್ದೇವೆಂದು ಹೇಳದ ರಾಜಕೀಯ ಸಾಲು, ಎರಡೂ ಅಪೂರ್ಣ.

ಕೊನೆಯದಾಗಿ ಪ್ರತಿ ಸಾಲಿನ ಎದುರು ಅದನ್ನು ಮತ್ತೆ ನೋಡುವ ಸಮಯ ಬರೆಯಿರಿ, ಎಲ್ಲಕ್ಕೂ ಒಂದೇ ಅವಧಿ ಇಡಬೇಡಿ. ವಿನಿಮಯ ದರ ಮತ್ತು ನೂಲಿನ ಬೆಲೆಯನ್ನು ತಿಂಗಳಿಗೊಮ್ಮೆ, ಡೈಯಿಂಗ್ ಊರಿನ ನೀರಿನ ವರದಿಯನ್ನು ಬೇಸಿಗೆಗೆ ಮುಂಚೆ ಮತ್ತು ಮಳೆಗಾಲದ ನಂತರ, ಜಾರಿಯಲ್ಲಿರುವ ಮಿತಿಗಳನ್ನು ವರ್ಷಕ್ಕೊಮ್ಮೆ ನೋಡಿದರೆ ಸಾಕು. ರಾಜಕೀಯ ಕಾಲಂನ ಸಾಲುಗಳಿಗೆ ಮಾತ್ರ ತಿಂಗಳ ಲೆಕ್ಕವಲ್ಲ, ಘಟನೆಯ ಲೆಕ್ಕ: ಉಡುಪಿನ ಪೂರಕ ಶಾಸನ ಐರೋಪ್ಯ ಒಕ್ಕೂಟದ ಅಧಿಕೃತ ಪತ್ರಿಕೆಯಲ್ಲಿ ಪ್ರಕಟವಾದ ದಿನ ಆ ಸಾಲನ್ನು ರಾಜಕೀಯ ಕಾಲಂನಲ್ಲಿ ಗೆರೆ ಎಳೆದು ಹೊಡೆದುಹಾಕಿ, ಕಾನೂನು ಕಾಲಂನಲ್ಲಿ ಸಂಖ್ಯೆ, ಅನ್ವಯದ ದಿನ, ಹೊರೆ ಯಾರದು ಎಂಬ ವಿವರಗಳೊಂದಿಗೆ ಹೊಸದಾಗಿ ಬರೆಯಿರಿ. ಹೊಡೆದುಹಾಕಿದ ಸಾಲನ್ನು ಅಳಿಸಬೇಡಿ. ಕರಡಿನಲ್ಲಿ ಏನಿತ್ತು, ಅಂತಿಮ ಪಠ್ಯದಲ್ಲಿ ಏನು ಬಿಟ್ಟುಹೋಯಿತು ಎಂದು ಬಯರ್ ಕೇಳಿದಾಗ ಅದು ಬೇಕಾಗುತ್ತದೆ.